ಗಂಟಲು ಕಟ್ಟದ ಊರು

ಸತ್ತ ಮನೆಯಲ್ಲಿ ಯಾರ ದನಿ ಹೇಗಿದೆ ಎಂದು ಯಾರಾದರೂ ಗಮನಿಸುತ್ತಾರೆಯೇ? ಬಂದವರಿಗೆ ಕಾಫಿ ಆಯಿತೇ, ಸೌದೆ ಸಾಲುತ್ತದೆಯೇ, ನೆಂಟರಿಗೆಲ್ಲ ಫೋನ್ ಹೋಯಿತೇ ಎಂಬುದರಲ್ಲೇ ಹೊತ್ತು ಕಳೆಯುತ್ತದೆ. ವಿಜಯಳಿಗೂ ಅವತ್ತು ಅದು ಹೊಳೆದಿರಲಿಲ್ಲ. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಅವಳ ಅಪ್ಪ ದುಗ್ಗಪ್ಪ ಮಾಗಿಯ ಒಂದು ಬೆಳಿಗ್ಗೆ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಸೀಗೆಕಾಯಿ ಕೊಯ್ಯಲು ಕಾಡಿಗೆ ಹೋದವನು ಊಟದ ಹೊತ್ತಿಗೆ ಬರಲಿಲ್ಲ. ಮೇಗುಂದದಿಂದ ಆಚೆಗಿರುವ ಆ ಸಣ್ಣ ಊರಿನಲ್ಲಿ ಕಾಡಿಗೆ ಹೋದವರು ತಡವಾಗಿ ಬರುವುದು ಹೊಸದೇನಲ್ಲ. ಆದರೆ ದುಗ್ಗಪ್ಪನಿಗೆ ಹೊಟ್ಟೆ ಹಸಿವು ತಡೆಯುತ್ತಿರಲಿಲ್ಲ. ಬಿಸಿಲು ಇಳಿಯುವಷ್ಟರಲ್ಲಿ ಊರಿಗೆ ಊರೇ ಬೋರೆ ಎನ್ನುವ ಕಾಡಿನಂಚಿನ ಗುಡ್ಡದ ಮೇಲೆ ಸೇರಿತು. ಮುಂದೆ ಮಂಜಪ್ಪ. ದುಗ್ಗಪ್ಪನಿಗೂ ಅವನಿಗೂ ಚಡ್ಡಿ ಹಾಕುವ ಕಾಲದ ಸ್ನೇಹ; ಊರಿನಲ್ಲಿ ಏನೇ ಆದರೂ ಮೊದಲು ಎದ್ದು ನಿಲ್ಲುವವನು ಅವನೇ.

"ಆನೆ ತಿರುಗ್ತಾ ಇದೆ ಮಾರಾಯ್ರೆ, ಒಬ್ಬೊಬ್ರೇ ನುಗ್ಗಬೇಡಿ. ಎಲ್ಲ ಒಟ್ಟಿಗೇ ಇರಿ, ಒಟ್ಟಿಗೇ ಕೂಗಿ" ಎಂದ ಮಂಜಪ್ಪ.

ತಪ್ಪು ಮಾತೇನಲ್ಲ. ಮೂವತ್ತಕ್ಕೂ ಹೆಚ್ಚು ಜನ ಒಂದೇ ಗುಂಪಾಗಿ ನಿಂತು "ಕೂ..." ಎಂದು ಕರೆದರು. ಕಾಡಿನಲ್ಲಿ ಕರೆಯುವುದು ಹಾಗೆಯೇ. ಕೇಳಿಸಿಕೊಂಡವರು ಮರಳಿ ಕೂ ಅನ್ನಬೇಕು. ಯಾರೂ ಅನ್ನಲಿಲ್ಲ. ಗುಂಪು ಬೋರೆಯ ಉದ್ದಕ್ಕೂ ನಡೆಯಿತು, ನಿಂತಿತು, ಕೂಗಿತು, ಮತ್ತೆ ನಡೆಯಿತು. ಕತ್ತಲು ಬಿದ್ದಿತು. ಮಾರನೇ ಬೆಳಿಗ್ಗೆ ಅದೇ ಬೋರೆಯ ಕೆಳಗೆ, ಮುಳ್ಳುಹಳ್ಳದ ಹತ್ತಿರ, ಒಂದು ಬಂಡೆಗೆ ಒರಗಿದ ಹಾಗೆ ದುಗ್ಗಪ್ಪ ಸಿಕ್ಕಿದ. ಕಾಲು ಮುರಿದಿತ್ತು. ಮೈ ತಣ್ಣಗಾಗಿತ್ತು. ಜೀವ ಹೋಗಿದ್ದು ಪೆಟ್ಟಿನಿಂದಲ್ಲ, ರಾತ್ರಿಯ ಚಳಿಗೆ ಎಂದರು ಡಾಕ್ಟರು. ಆ ಒಂದು ಮಾತನ್ನು ಅವರು ಹೇಳದೆ ಇರಬಹುದಿತ್ತು.

ಅವತ್ತು ಅಂಗಳದ ತುಂಬ ಜನ, ಜನದ ತುಂಬ ಮಾತು. ಪಕ್ಕದ ಮನೆಯ ಹರೀಶ, ಆಟೋ ಓಡಿಸುವವನು, ಬಂದ ಬಂದವರಿಗೆಲ್ಲ ಎಲ್ಲವನ್ನೂ ಮೊದಲಿಂದ ಹೇಳುತ್ತಿದ್ದ. "ಗಂಟ್ಲು ಹರ್ಕೊಂಡು ಕೂಗಿದ್ವಿ ಮಾರಾಯ್ರೆ, ಜೀವ ಬಿಟ್ಟು ಕೂಗಿದ್ವಿ" ಎಂದು ಅವನು ಹೇಳಿದ್ದು ಗದ್ದೆಯಾಚೆಗೂ ಕೇಳುವಂತಿತ್ತು. ಬೇರೆ ಮನೆಗಳವರೂ ಹಾಗೆಯೇ, ಸ್ವಚ್ಛ ದನಿಯಲ್ಲಿ ನೊಂದುಕೊಳ್ಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಗಫೂರ್ ಬಂದರು. ಕೊಪ್ಪದಲ್ಲಿ ಸೀಗೆ, ಜೇನು, ಮುರುಗಲು ಕೊಳ್ಳುವ ವ್ಯಾಪಾರಿ. ದುಗ್ಗಪ್ಪ ತಂದದ್ದನ್ನು ಅವರಲ್ಲದೆ ಬೇರೆಯವರು ಕೊಂಡದ್ದಿಲ್ಲ. ಅವರು ವಿಜಯಳ ಎದುರು ಕೈ ಜೋಡಿಸಿ ಬಾಯಿ ತೆರೆದರು. ಬರೀ ಗಾಳಿ ಬಂತು.

"ಸಾಬ್ರಿಗೆ ಏನಾಯ್ತು?" ಎಂದು ಯಾರೋ ಕೇಳಿದರು.

ಗಫೂರ್ ಗಂಟಲು ಮುಟ್ಟಿ ತೋರಿಸಿ, ಪಿಸುಗುಟ್ಟಿದರು: ಸುದ್ದಿ ಕೇಳಿದ ಕೂಡಲೇ ಪಿಕಪ್ ತಗೊಂಡು ರಸ್ತೆಯ ಕಡೆಯಿಂದ ಬಂದೆ, ಬೋರೆಯ ಮೇಲೆ ಇಷ್ಟು ಜನ ಇದ್ದದ್ದು ಗೊತ್ತಿರಲಿಲ್ಲ, ಆ ಬದಿಯಲ್ಲಿ ನಾನೊಬ್ಬನೇ ಅಲ್ಲವಾ, ಕತ್ತಲಾಗುವ ತನಕ ಕೂಗಿದೆ. ಯಾರೋ ಅವರಿಗೆ ಬಿಸಿನೀರು ತಂದುಕೊಟ್ಟರು. ವಿಜಯಳೂ ಏನೋ ಸಮಾಧಾನ ಹೇಳಿ ಒಳಗೆ ಹೋದಳು. ಫೋನ್ ಹೊಡೆದುಕೊಳ್ಳುತ್ತಿತ್ತು.

ತಿಂಗಳು ಕಳೆದ ಮೇಲೆ ಅವಳಿಗೆ ಅದು ತಟ್ಟಿತು, ಅದೂ ಎರಡನೇ ತರಗತಿಯ ಮಗ್ಗಿಯ ನಡುವೆ. ವಿಜಯ ಅದೇ ಊರಿನ ಕಿರಿಯ ಪ್ರಾಥಮಿಕ ಶಾಲೆಯ ಟೀಚರು. ಮಕ್ಕಳು ಒಟ್ಟಿಗೆ ಮಗ್ಗಿ ಹೇಳುವಾಗ ಅರ್ಧ ಮಕ್ಕಳ ತುಟಿ ಮಾತ್ರ ಆಡುತ್ತದೆ, ದನಿ ಬರುವುದಿಲ್ಲ ಎಂಬುದು ಅವಳಿಗೆ ಹಳೆಯ ವಿಷಯ. ಅವತ್ತೂ ಎಂದಿನಂತೆ ನಿಲ್ಲಿಸಿ, "ದೀಪಶ್ರೀ, ನೀನೊಬ್ಬಳೇ ಹೇಳು" ಎಂದಳು. ಹುಡುಗಿ ಎದ್ದು ನಿಂತು ಹೆಂಚು ಹಾರುವ ಹಾಗೆ ಕಿರುಚಿತು. ತರಗತಿ ನಕ್ಕಿತು. ವಿಜಯಳೂ ನಗಲು ಹೋದಳು. ನಗು ಅಲ್ಲೇ ನಿಂತಿತು. ಗಫೂರರ ಗಂಟಲು ನೆನಪಾಯಿತು. ಅದರ ಹಿಂದೆಯೇ ಅಂಗಳದಲ್ಲಿ ಕೂತಿದ್ದವರ ಸ್ವಚ್ಛ ದನಿಗಳು ಒಂದೊಂದಾಗಿ ನೆನಪಾದವು.

ಒಂದು ಸಂಜೆಯೆಲ್ಲ ಜೀವ ಬಿಟ್ಟು ಕೂಗಿದ ಊರಿನಲ್ಲಿ ಮಾರನೇ ದಿನ ಒಂದೇ ಒಂದು ಗಂಟಲೂ ಕಟ್ಟಿರಲಿಲ್ಲ.

ಮೊದಲು ಅವಳಿಗೆ ಬಂದದ್ದು ಸಿಟ್ಟು. ಎಂಥ ಕಳ್ಳರು, ನನ್ನ ಅಪ್ಪನಿಗೆ ಒಂದು ಕೂಗು ಕೊಡಲು ಆಗಲಿಲ್ಲವೇ ಎಂದು ಹಲ್ಲು ಕಚ್ಚಿದಳು. ಸಿಟ್ಟು ಒಳ್ಳೆಯದು, ಅದು ಇರುವ ತನಕ ಮನುಷ್ಯ ಬೇರೆ ಕಡೆ ನೋಡುವುದಿಲ್ಲ. ಹರೀಶನನ್ನು ಹಿಡಿದು ಸುಳ್ಳು ಹೊರಗೆ ಹಾಕಿಸಲೇಬೇಕು ಎಂದು ಹೊರಟಳು.

ಸದ್ದು ಅಳೆಯುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡಳು. ಭಾನುವಾರ ಹರೀಶನ ಅಂಗಳದಲ್ಲಿ ಅವನ ಹೆಂಡತಿ ರೇಖಾ, ಅವಳ ತಂಗಿ, ಅವನ ತಮ್ಮ, ಎಲ್ಲರನ್ನೂ ಕೂರಿಸಿದಳು. ವಾರ್ಷಿಕೋತ್ಸವಕ್ಕೆ ಒಂದು ಆಟ ಮಾಡಬೇಕು, ಇಲ್ಲಿ ಒಮ್ಮೆ ಆಡಿ ನೋಡೋಣ ಎಂದಳು. ಹರೀಶನ ಕಣ್ಣಿಗೆ ಟವೆಲ್ ಕಟ್ಟಿದಳು, ಕಿವಿಗೆ ಹೆಡ್‌ಫೋನ್ ಇಟ್ಟು ಅದರಲ್ಲಿ ಜೋರು ಮಳೆಯ ಸದ್ದು ಹಾಕಿದಳು. ಅವನ ಭುಜಕ್ಕೆ ತಟ್ಟಿದಾಗಲೆಲ್ಲ ಕೂ ಅನ್ನಬೇಕು.

"ಈ ಸಲ ನೀನೊಬ್ಬನೇ. ನಿನ್ನ ಸದ್ದು ಎಷ್ಟು ಅಂತ ನೋಡ್ತೀನಿ" ಎಂದು ಹೆಡ್‌ಫೋನ್ ಸರಿಸಿ ಹೇಳಿ ತಟ್ಟಿದಳು. ಹರೀಶ ಕೂಗಿದ. ಫೋನಿನಲ್ಲಿ ಮುಳ್ಳು ಏರಿ ಕೆಂಪನ್ನು ಮುಟ್ಟಿತು.

ಮತ್ತೆ ಹೆಡ್‌ಫೋನ್ ಸ್ವಲ್ಪ ಸರಿಸಿ, "ಈ ಸಲ ನಾವೆಲ್ಲರೂ ನಿನ್ನ ಜೊತೆ ಕೂಗ್ತೀವಿ. ಒಟ್ಟು ಸದ್ದು ನೋಡ್ತೀನಿ ಅಷ್ಟೇ" ಎಂದಳು. ಮತ್ತೆ ತಟ್ಟಿದಳು. ಉಳಿದವರಿಗೆ ಬಾಯಿ ಮುಚ್ಚಿಕೊಂಡಿರಿ ಎಂದು ಬೆರಳು ತೋರಿಸಿದ್ದಳು. ಹರೀಶ ಒಬ್ಬನೇ ಕೂಗಿದ, ತನ್ನ ಜೊತೆ ನಾಲ್ಕಾರು ಜನ ಕೂಗುತ್ತಿದ್ದಾರೆಂದು ನಂಬಿ. ಮುಳ್ಳು ಕೆಂಪಿನ ಹತ್ತಿರವೂ ಹೋಗಲಿಲ್ಲ. ರೇಖಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಇನ್ನೊಮ್ಮೆ ಒಬ್ಬನೇ ಎಂದಾಗ ಮುಳ್ಳು ಏರಿತು. ಎಲ್ಲರೂ ಎಂದಾಗ ಮತ್ತೆ ಇಳಿಯಿತು. ಅದಲುಬದಲು ಮಾಡಿದರೂ ಹಾಗೆಯೇ.

ಜನ ಒಟ್ಟಿಗೆ ಕೂಗಿದಾಗ ಒಬ್ಬರ ದನಿ ಹಿಂದೆ, ಒಬ್ಬರದು ಮುಂದೆ ಆಗಿ ಸ್ವಲ್ಪ ಸದ್ದು ಪೋಲಾಗುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಆದರೆ ಇಲ್ಲಿ ಹಿಂದೆ ಮುಂದೆ ಆಗಲು ಬೇರೆ ದನಿಯೇ ಇರಲಿಲ್ಲ. ಇಳಿದದ್ದು ಹರೀಶನ ಉಸಿರು ಮಾತ್ರ.

ಟವೆಲ್ ಬಿಚ್ಚಿ ಕೇಳಿದಳು: "ಎಲ್ಲರ ಜೊತೆ ಕೂಗುವಾಗ ಕಮ್ಮಿ ಮಾಡಿದ್ಯಾ ಹರೀಶ?"

"ಎಂತ ಕಮ್ಮಿ ಮಾರಾಯ್ತಿ! ಎಲ್ಲ ಸಲವೂ ಒಂದೇ ಸಮ ಕೂಗಿದೀನಿ. ದೇವರಾಣೆ."

ಅವನ ಕಣ್ಣು ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಭಯವಾಯಿತು ಅವಳಿಗೆ. ಕದ್ದವನಾಗಿದ್ದರೆ ಬೈಯಬಹುದಿತ್ತು. ಇವನ ಮನಸ್ಸು ಇವನಿಗೇ ತಿಳಿಯದ ಹಾಗೆ ಭಾರ ಇಳಿಸಿಬಿಟ್ಟಿತ್ತು: ನನ್ನ ದನಿ ಇಷ್ಟೇ ಎಂದು ಯಾರೂ ಬೇರೆ ಮಾಡಿ ನೋಡುವುದಿಲ್ಲ, ನಾನಿಲ್ಲದಿದ್ದರೂ ಆಗುತ್ತದೆ, ಪಕ್ಕದವನು ಹಗುರಾಗಿ ಕೂಗುತ್ತಿರುವಾಗ ನಾನೊಬ್ಬ ಯಾಕೆ ಗಂಟಲು ಹರಿದುಕೊಳ್ಳಲಿ. ಇಷ್ಟನ್ನೂ ಮಾತಿಲ್ಲದೆ ಅಂದುಕೊಂಡು, ಜೀವ ಬಿಟ್ಟು ಕೂಗಿದೆ ಎಂದು ನಂಬಿ ಮನೆಗೆ ಹೋಗಿ ಮಲಗಿತ್ತು ಇಡೀ ಊರು. ಮೂವತ್ತು ಜನದ ಕೂಗು ಹತ್ತು ಹನ್ನೆರಡು ಜನದ್ದಾಗಿ ಇಳಿದು ಹೋಗಿತ್ತು.

ಸಿಟ್ಟು ಕರಗಿತು. ಕರಗಿದ ಮೇಲೆ ಅದರ ಹಿಂದೆ ನಿಂತಿದ್ದದ್ದು ಕಂಡಿತು. ಅಪ್ಪ ಸಿಕ್ಕಿದ ದಿನ ಬೆಳಗಿನಿಂದ ನೆಂಟರಿಗೆಲ್ಲ ಫೋನ್ ಮಾಡಿದ್ದು ಅವಳೇ. "ಎಷ್ಟು ಗಟ್ಟಿಯಾಗಿ ಮಾತಾಡ್ತಿದೀಯ ವಿಜಿ, ಧೈರ್ಯ ತಗೊಂಡಿದೀಯ" ಎಂದಿದ್ದರು ಶೃಂಗೇರಿಯ ಚಿಕ್ಕಮ್ಮ. ಅವಳ ಗಂಟಲೂ ಕಟ್ಟಿರಲಿಲ್ಲ. ಬೋರೆಯ ಮೇಲೆ ಅವಳೂ ಇದ್ದಳು. ಅಪ್ಪಾ ಎಂದು ಕರೆಯಬೇಕೆನಿಸಿತ್ತು. ಎಲ್ಲರೂ ಕೂ ಎನ್ನುತ್ತಿದ್ದಾರಲ್ಲ ಎಂದು ಅವಳೂ ಕೂ ಎಂದಿದ್ದಳು, ಅಷ್ಟು ಗಂಡಸರ ದನಿಯ ನಡುವೆ ತನ್ನದು ಯಾವ ಲೆಕ್ಕ ಎಂದುಕೊಂಡು. ಹೆತ್ತ ಅಪ್ಪನನ್ನು ಕರೆಯುವಾಗಲೂ ಹೀಗಾಗುತ್ತದೆಯೇ? ಆಗಿತ್ತು.

ಅಂದಿನಿಂದ ಅವಳನ್ನು ಆ ಹಳ್ಳ ಬಿಡಲಿಲ್ಲ. ಪಾತ್ರೆ ತೊಳೆಯುವಾಗ ನಲ್ಲಿಯ ನೀರಿನಲ್ಲಿ, ಮಕ್ಕಳು ಹೊರಗೆ ಆಡುವಾಗಿನ ಗಲಾಟೆಯಲ್ಲಿ, ಒಂದು ಸಣ್ಣ ಕೂ ಸಿಕ್ಕಿಕೊಂಡ ಹಾಗಾಗಿ ಕೆಲಸ ನಿಲ್ಲಿಸುವಳು. ನಿಲ್ಲಿಸಿದರೆ ಏನೂ ಇಲ್ಲ. ಕೊನೆಗೆ ಗಫೂರರನ್ನು ಕರೆದು, "ನೀವು ಆ ಬಂಡೆ ಹತ್ತಿರ ಕೂತಿರಿ, ನಾನು ಮೇಲಿಂದ ಕರೀತೀನಿ" ಎಂದಳು. ಅವರು ಏಕೆ ಎಂದು ಕೇಳಲಿಲ್ಲ. ಬೋರೆಯ ಮೇಲೆ ಒಬ್ಬಳೇ ನಿಂತು ಅಪ್ಪಾ ಎಂದು ಕೂಗಿದಳು, ಕಣ್ಣಿಗೆ ಕತ್ತಲು ಬರುವ ತನಕ. ಗಫೂರ್ ಮೇಲೆ ಹತ್ತಿ ಬಂದು ತಲೆಯಾಡಿಸಿದರು.

"ಏನೂ ಕೇಳ್ಲಿಲ್ಲ ಕಣಮ್ಮ. ಹಳ್ಳದ ಸದ್ದು ಬಿಟ್ರೆ ಏನೂ ಇಲ್ಲ ಅಲ್ಲಿ."

ವಿಜಯ ಅಲ್ಲೇ ಕೂತು ಅತ್ತಳು. ನೆಮ್ಮದಿಗೆ ಅತ್ತಳು. ಆ ಬಂಡೆಯ ಹತ್ತಿರಕ್ಕೆ ಮೇಲಿನ ದನಿ ತಲುಪುವುದೇ ಇಲ್ಲ. ಹಾಗಾದರೆ ಯಾರು ಎಷ್ಟು ಕೂಗಿದ್ದರೇನು? ಒಬ್ಬರ ಕೂಗು ಬೇರೆ, ಮೂವತ್ತು ಜನ ಒಬ್ಬೊಬ್ಬರೂ ಪೂರ್ತಿ ಕೂಗುವುದು ಬೇರೆ ಎಂಬುದು ಅವಳಿಗೆ ಗೊತ್ತಿತ್ತು. ಆ ಲೆಕ್ಕವನ್ನು ಅವಳು ಮಾಡಲು ಹೋಗಲಿಲ್ಲ. ಕೇಳುವುದಿಲ್ಲ, ಕೇಳುತ್ತಿರಲಿಲ್ಲ ಎಂಬ ಆ ಒಂದೇ ಮಾತನ್ನು ಹಿಡಿದುಕೊಂಡು ಉಳಿದ ವರ್ಷ ಬದುಕಿದಳು.

ಮಂಜಪ್ಪನಿಗೆ ಹಿಡಿದುಕೊಳ್ಳಲು ಅಂಥದ್ದೇನೂ ಸಿಕ್ಕಿರಲಿಲ್ಲ. ದುಗ್ಗಪ್ಪ ಹೋದ ಮೇಲೆ ಅವನು ಇಳಿಯುತ್ತಾ ಬಂದ. ಮಳೆಗಾಲ ಮುಗಿಯುವಷ್ಟರಲ್ಲಿ ಮರೆವು ಹೆಚ್ಚಿತು. ದನ ಮನೆಗೆ ಬರುವ ಹೊತ್ತಿಗೆ ಜಗುಲಿಯಲ್ಲಿ ಕೂತವನು ತಟ್ಟನೆ ಕತ್ತೆತ್ತಿ, "ದುಗ್ಗ ಕೂ ಹಾಕ್ತಿದಾನೆ, ಕೇಳ್ಸಿತಾ?" ಎನ್ನುತ್ತಿದ್ದ. ಹೆಂಡತಿ ಸೀತಕ್ಕ, "ಎಂತದೋ ಹಕ್ಕಿ, ಸುಮ್ನೆ ಕೂತ್ಕಳಿ" ಎಂದು ಗದರುತ್ತಿದ್ದಳು. ಒಂದು ಸಂಜೆ ವಿಜಯಳೂ ಆ ಜಗುಲಿಯಲ್ಲಿದ್ದಳು. ಅವನು ಕತ್ತೆತ್ತಿದ. ಅವಳಿಗೂ ಕೇಳಿಸಿತು, ಬೋರೆಯ ಕಡೆಯಿಂದ, ಒಮ್ಮೆ. ಅದು ಯಾವ ಹಕ್ಕಿ ಎಂದು ಸೀತಕ್ಕನನ್ನು ಕೇಳಲು ಧೈರ್ಯವಾಗದೆ ಎದ್ದು ಬಂದಳು.

ಮತ್ತೆ ಮಾಗಿ ಬಂತು. ಒಂದು ಮಧ್ಯಾಹ್ನ ಸೀತಕ್ಕ ಚಪ್ಪಲಿ ಕೂಡ ಹಾಕದೆ ಶಾಲೆಗೆ ಓಡಿ ಬಂದಳು.

"ವಿಜಿ, ಇವ್ರು ಇಲ್ಲ ಕಣೆ. ಬೆಳಿಗ್ಗೆ ಗಂಜಿ ಉಂಡವ್ರು, ದುಗ್ಗನ್ನ ಕರ್ಕೊಂಡು ಬರ್ತೀನಿ ಅಂದ್ರಂತೆ ದಾರೀಲಿ ಯಾರಿಗೋ."

ಮಕ್ಕಳನ್ನು ಆಡಿಸುವ ಪೀಪಿ ಕೊರಳಲ್ಲೇ ಇತ್ತು. ವಿಜಯ ಹಾಗೆಯೇ ಹೊರಟಳು. ಅವಳು ಬೋರೆ ಹತ್ತುವಷ್ಟರಲ್ಲಿ ಊರು ಸೇರಿ ಆಗಿತ್ತು. ಅದೇ ಜನ, ಅದೇ ಜಾಗ, ಅದೇ ಗುಂಪು. ಗಫೂರರಿಗೂ ಸುದ್ದಿ ಹೋಗಿ ಅವರೂ ಬಂದಿದ್ದರು. ಎಲ್ಲರೂ ಕೂ ಎಂದರು. ವಿಜಯ ಸ್ವಲ್ಪ ದೂರದಲ್ಲೇ ನಿಂತು ಕೇಳಿದಳು. ಆ ಕೂಗು ನೆನೆಸಿದ ಹುಣಸೆ ಹಣ್ಣಿನಂತೆ ಮೆತ್ತಗಿತ್ತು. ಯಾರೋ ಶುರು ಮಾಡುತ್ತಿದ್ದರು, ಉಳಿದವರು ಸೇರುತ್ತಿದ್ದರು, ನಡುವೆ ಮಾತು, ನಡುವೆ ಬೀಡಿ. ಕೂಗಿದ ಮೇಲೆ ಉತ್ತರ ಬಂತೇ ಎಂದು ಕೇಳಿಸಿಕೊಳ್ಳುವುದನ್ನೂ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಬಿಟ್ಟಿದ್ದರು. ಕಳೆದ ವರ್ಷ ತಾನು ಈ ಗುಂಪಿನ ಒಳಗಿದ್ದಾಗ ಇದು ಎಷ್ಟು ದೊಡ್ಡ ಸದ್ದು ಅನ್ನಿಸಿತ್ತು!

ಅವಳು ಪೀಪಿ ಊದಿದಳು. ಜನ ತಿರುಗಿ ನೋಡಿದರು.

"ನನ್ನ ಅಪ್ಪನ್ನ ಕರೆದ ಹಾಗೆ ಕರೀಬೇಡಿ" ಎಂದಳು.

ಹರೀಶನ ಮುಖ ಕೆಂಪಗಾಯಿತು. "ಎಂತ ಮಾತು ಅದು ವಿಜಯಕ್ಕ, ನಾವು ಜೀವ ಬಿಟ್ಟು—"

"ನಾನೂ ಇದ್ದೆ ಹರೀಶ. ನಾನೂ ಹಾಗೇ ಕೂಗಿದ್ದು. ಮಾರನೇ ದಿನ ನಮ್ಮಲ್ಲಿ ಯಾರ ಗಂಟಲು ಕಟ್ಟಿತ್ತು ಹೇಳು. ಸಾಬ್ರದ್ದು ಬಿಟ್ಟು."

ಅಂಗಳ, ಆಟ, ಟವೆಲ್ ಹರೀಶನಿಗೆ ಈಗ ನೆನಪಾಗಿರಬೇಕು. ಅವನ ಹಿಂದೆ ಒಬ್ಬೊಬ್ಬರೂ ನೆಲ ನೋಡಿದರು. ಬೈಸಿಕೊಂಡವರ ನೋಟವಲ್ಲ ಅದು. ಮನೆಯ ಬಾಗಿಲು ಹಾಕಿದ್ದೆನೋ ಇಲ್ಲವೋ ಎಂದು ದಾರಿಯಲ್ಲಿ ನೆನಪಾದವರ ನೋಟ.

ವಿಜಯ ಹೊತ್ತು ಕಳೆಯಲಿಲ್ಲ. ಗುಂಪನ್ನು ಒಡೆದು ಬೋರೆಯ ಉದ್ದಕ್ಕೂ ಒಬ್ಬೊಬ್ಬರನ್ನೇ ನಿಲ್ಲಿಸಿದಳು, ಆನೆ ಬಂದರೆ ಗೊತ್ತಾಗಲಿ ಎಂದು ಪಕ್ಕದವರು ಕಣ್ಣಿಗೆ ಬೀಳುವಷ್ಟು ದೂರಕ್ಕೆ. ಇಲ್ಲಿಂದ ಆ ಮರದ ತನಕ ನಿನ್ನದು, ಅಲ್ಲಿಂದ ಆಚೆ ನಿನ್ನದು ಎಂದು ಬೆರಳು ಮಾಡಿದಳು. ಕೂ ಅನ್ನುವುದು ಬೇಡ ಎಂದಳು. "ನೀವು ಮಂಜಪ್ಪ ದೊಡ್ಡಪ್ಪನ್ನ ಮನೇಲಿ ಹೆಂಗೆ ಕರೀತೀರೋ ಹಂಗೇ ಕರೀರಿ. ಒಬ್ಬರ ದನಿ ಇನ್ನೊಬ್ಬರದ್ದರಲ್ಲಿ ಮುಳುಗಬಾರದು. ನಾನು ಒಂದ್ಸಲ ಊದಿದ್ರೆ ಎಲ್ಲರೂ ಒಂದೇ ಹೊತ್ತಿಗೆ ಕರೀರಿ. ಎರಡು ಸಲ ಊದಿದ್ರೆ ಉಸಿರೂ ಬಿಡಬೇಡಿ, ಕೇಳ್ಸಿಕೊಳ್ಳಿ. ನಾನು ಒಬ್ಬೊಬ್ಬರ ಹತ್ರಾನೂ ಬಂದು ನಿಮ್ಮ ಜಾಗದಲ್ಲಿ ಏನು ಕೇಳ್ತು ಅಂತ ಹೆಸರು ಹಿಡಿದು ಕೇಳ್ತೀನಿ."

ಊದಿದಳು.

ಮಾವಾ ಎಂದಿತು ಒಂದು ದನಿ. ಅಣ್ಣಯ್ಯಾ ಎಂದಿತು ಇನ್ನೊಂದು. ಮಂಜಣ್ಣಾ, ಭಾವಾ, ಚಿಕ್ಕಪ್ಪಯ್ಯಾ, ಮಂಜಪ್ಪಣ್ಣಾ. ಗಂಡನನ್ನು ಹೆಸರು ಹಿಡಿದು ಕರೆದು ಗೊತ್ತಿಲ್ಲದ ಸೀತಕ್ಕ, "ಓ ಇವ್ರೇ..." ಎಂದು ಸೊಂಟಕ್ಕೆ ಕೈ ಕೊಟ್ಟು ಬಾಗಿ ಕೂಗಿದಳು. ದೊಡ್ಡಪ್ಪಾ ಎಂದು ವಿಜಯ ಕೂಗಿದಳು. ತನ್ನ ದನಿಯನ್ನು ಹೊತ್ತುಕೊಳ್ಳಲು ಯಾರೂ ಇಲ್ಲದೆ ಪ್ರತಿಯೊಬ್ಬರೂ ಕುತ್ತಿಗೆಯ ನರ ಉಬ್ಬಿಸಿ ನಿಂತಿದ್ದರು. ಬೋರೆಯ ಮೇಲಿನ ಹಕ್ಕಿಗಳೆಲ್ಲ ಎದ್ದವು. ವಿಜಯ ತಿರುಗಿ ಸಾಲಿನುದ್ದಕ್ಕೂ ನೋಡಿದಳು. ಇದೇ ಗಂಟಲುಗಳಲ್ಲಿ ಇಷ್ಟಿತ್ತೇ?

ಎರಡು ಸಲ ಊದಿದಳು. ನಿಶ್ಶಬ್ದ. ಮತ್ತೆ ಕೂಗು, ಮತ್ತೆ ನಿಶ್ಶಬ್ದ. ಬಿಸಿಲು ಹಳದಿಯಾಗುತ್ತಿತ್ತು. ಕೂಗುತ್ತಾ ಕೂಗುತ್ತಾ ದನಿಗಳು ಒಡೆದವು, ಸೀಳಿದವು, ಆದರೂ ನಿಲ್ಲಲಿಲ್ಲ. ಹೀಗೆ ಎಷ್ಟು ಸಲವಾಯಿತೋ, ಒಮ್ಮೆ ಕಾಡು ಸುಮ್ಮನಾದಾಗ ಹರೀಶ ಎರಡೂ ಕೈ ಮೇಲೆತ್ತಿದ. ಮಾತು ಹೊರಡಲಿಲ್ಲ ಅವನಿಗೆ. ಕೆಳಗೆ ತೋರಿಸಿದ. ಅವನ ಜಾಗದ ಕೆಳಗಿನಿಂದ, ಬಹಳ ಸಣ್ಣದಾಗಿ, "ಕೂ" ಎಂದು ಬಂತು.

ಮುಳ್ಳುಹಳ್ಳ.

ಇಳಿದವರೆಲ್ಲರ ಹಿಂದೆ ವಿಜಯ ಇಳಿದಳು. ಮಂಜಪ್ಪ ಅದೇ ಬಂಡೆಗೆ ಒರಗಿ ಕೂತಿದ್ದ. ಚಳಿಗೆ ನಡುಗುತ್ತಿದ್ದ, ಪಾದ ಊದಿತ್ತು, ಕಣ್ಣು ಮಾತ್ರ ಮಗುವಿನ ಕಣ್ಣಿನ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲೇ ಹಳ್ಳ ಹೋದ ವರ್ಷದಷ್ಟೇ ಗಟ್ಟಿಯಾಗಿ ಹರಿಯುತ್ತಿತ್ತು. ಗಫೂರ್ ಆ ಬಂಡೆ ನೋಡಿದರು, ಆಮೇಲೆ ವಿಜಯಳನ್ನು ನೋಡಿದರು, ಆಮೇಲೆ ಮುಖ ತಿರುಗಿಸಿ ಮಂಜಪ್ಪನ ಕಂಕುಳಿಗೆ ಕೈ ಹಾಕಿದರು.

ಮಾರನೇ ದಿನ ಆ ಊರಿಗೆ ಹೊಸಬರು ಬಂದಿದ್ದರೆ ಏನೋ ರೋಗ ಬಡಿದಿದೆ ಎಂದುಕೊಳ್ಳುತ್ತಿದ್ದರು. ಯಾರಿಗೂ ಮಾತಿಲ್ಲ. ಹರೀಶ ಆಟೋ ಬಾಡಿಗೆಯನ್ನು ಬೆರಳಲ್ಲಿ ಹೇಳುತ್ತಿದ್ದ. ಮನೆ ಮನೆಯಲ್ಲೂ ಕಾಳುಮೆಣಸಿನ ಕಷಾಯ. ಮಂಜಪ್ಪನನ್ನು ನೋಡಲು ಬಂದವರು ಜಗುಲಿಯ ತುಂಬ ಕೂತು ಪಿಸುಗುಟ್ಟುತ್ತಾ, ಒಬ್ಬರ ಪಿಸುಮಾತಿಗೆ ಇನ್ನೊಬ್ಬರು ನಗುತ್ತಾ, ಹಬ್ಬ ಮಾಡುತ್ತಿದ್ದರು. ವಿಜಯ ಒಳಗೆ ಕಾಲಿಟ್ಟಾಗ ಸೀತಕ್ಕ ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ವಿಜಯಳಿಗೆ ನಗಲು ಆಗಲಿಲ್ಲ. ಸುತ್ತಲಿನ ಒಂದೊಂದು ಕಟ್ಟಿದ ಗಂಟಲೂ ಅವಳಿಗೆ ಒಂದೇ ವಿಷಯ ಹೇಳುತ್ತಿತ್ತು. ಕೇಳುತ್ತಿರಲಿಲ್ಲ ಎಂದು ಇಷ್ಟು ದಿನ ಹಿಡಿದುಕೊಂಡಿದ್ದ ಮಾತು ಕೈಯಿಂದ ಜಾರಿ ಹೋಗಿತ್ತು.

ಕಂಬಳಿ ಹೊದ್ದು ಕೂತಿದ್ದ ಮಂಜಪ್ಪ ಅವಳನ್ನು ಹತ್ತಿರ ಕರೆದ. ಇಡೀ ಮನೆಯಲ್ಲಿ ಸ್ವಚ್ಛವಾಗಿದ್ದದ್ದು ಅವನೊಬ್ಬನ ದನಿ.

"ಮೊದಲು ಹಳ್ಳದ ಸದ್ದೇ ಕಣೆ ವಿಜಿ, ಬೇರೆ ಎಂತದೂ ಇಲ್ಲ. ಆಮೇಲೆ ಕೇಳ್ತು ನೋಡು. ಇವಳು ಕರೆದದ್ದು ಕೇಳ್ತು, ಹರೀಶಂದು ಕೇಳ್ತು, ನಿಂದು ಕೇಳ್ತು. ಒಬ್ಬೊಬ್ಬರದ್ದೂ ಗೊತ್ತಾತು. ಅಷ್ಟು ಜನ ಕರೆದ್ರಲ್ಲ, ಹೆದರಿಕೆನೇ ಹೋಯ್ತು." ಅವನು ಏನೋ ನೆನಪಾದವನಂತೆ ಸಂತೋಷದಿಂದ ಕೇಳಿದ: "ಹಂಗಾರೆ ದುಗ್ಗಂಗೂ ಕೇಳಿರ್ತದೆ ಅಲ್ವಾ, ಅವತ್ತು?"

ಜಗುಲಿಯ ಪಿಸುಮಾತು ನಿಂತಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಹೌದು ದೊಡ್ಡಪ್ಪ ಎನ್ನಲು ವಿಜಯ ಬಾಯಿ ತೆರೆದಳು. ದನಿ ಬರಲಿಲ್ಲ.